ಬಾನಿನಿಂದ ಬಾಂದುಕಲ್ಲಿನವರೆಗೆ

ಎರಡು ಮನೆಗಳ ನಡುವಣ ಒಂದೂವರೆ ಅಡಿ ಅಗಲದ ಸಂದು, ಎರಡು ತಲೆಮಾರುಗಳ ಮಾತುಕತೆಯನ್ನೇ ನಿಲ್ಲಿಸಿಬಿಟ್ಟಿರುವ ಹಳ್ಳಿಗಳು ನಮ್ಮ ನಾಡಿನಲ್ಲಿ ಅಪರೂಪವಲ್ಲ. ಅಜ್ಜನ ಕಾಲದಲ್ಲಿ ಅದು ತಮ್ಮ ಹಿತ್ತಿಲಾಗಿದ್ದಿತೆಂದು ಒಬ್ಬರು ಹೇಳುತ್ತಾರೆ. ಮಳೆಯ ನೀರು ಹರಿಯಲೆಂದು ತಮ್ಮ ಹಿರಿಯರು ಬಿಟ್ಟ ಜಾಗ ಅದೆಂದು ಇನ್ನೊಬ್ಬರು ಸಾಧಿಸುತ್ತಾರೆ. ಹೊಲಗದ್ದೆಗಳ ವಿಷಯದಲ್ಲಾದರೆ ಇಂಥ ವ್ಯಾಜ್ಯಕ್ಕೆ ಸರ್ವೆ ನಂಬರು ಇದೆ, ಹಿಸ್ಸಾ ಇದೆ, ಬಾಂದುಕಲ್ಲು ಇದೆ. ಆದರೆ ಕಂದಾಯಕ್ಕಾಗಿ ನಡೆದ ಹಿಂದಿನ ಮೋಜಣಿಯಲ್ಲಿ ಉಳುವ ಭೂಮಿಯನ್ನು ತುಂಡುತುಂಡಾಗಿ ಅಳೆದರೇ ಹೊರತು, ಜನ ವಾಸವಾಗಿದ್ದ ಗ್ರಾಮಠಾಣವನ್ನು ಒಟ್ಟಾಗಿ ಒಂದು ಗೆರೆಯೊಳಗೆ ಸೇರಿಸಿ ಬಿಟ್ಟುಬಿಟ್ಟರು. ಗೆರೆಯ ಒಳಗಿನ ಮನೆ, ಹಿತ್ತಿಲು, ಕೊಟ್ಟಿಗೆ, ಕಣಗಳಿಗೆ ನಕ್ಷೆಯೆಂಬುದೇ ಇರಲಿಲ್ಲ.

ಆ ಬಿಟ್ಟುಹೋದ ಜಾಗವನ್ನು ತುಂಬುವ ಉದ್ದೇಶದಿಂದ 2020ರ ಏಪ್ರಿಲ್ 24ರಂದು ಕೇಂದ್ರ ಸರಕಾರವು ‘ಸ್ವಾಮಿತ್ವ’ ಯೋಜನೆಯನ್ನು ಆರಂಭಿಸಿತು. ಭಾರತೀಯ ಸರ್ವೇಕ್ಷಣಾ ಇಲಾಖೆಯು ರಾಜ್ಯಗಳೊಡನೆ ಸೇರಿ ಗ್ರಾಮಠಾಣಗಳ ಮೇಲೆ ಡ್ರೋನ್ ಹಾರಿಸಿ, 1:500ರ ಪ್ರಮಾಣದಲ್ಲಿ ನಕ್ಷೆ ಬರೆಯುವ ಕೆಲಸವನ್ನು ಕೈಗೆತ್ತಿಕೊಂಡಿತು. ಅಂದರೆ ಕಾಗದದ ಮೇಲಿನ ಒಂದು ಮಿಲಿಮೀಟರು ನೆಲದ ಮೇಲೆ ಅರ್ಧ ಮೀಟರು. ಪ್ರಾರಂಭದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷದ ಅಕ್ಟೋಬರ್ 11ರಂದು ಮೊತ್ತಮೊದಲು ಆಸ್ತಿ ಪತ್ರಗಳನ್ನು ವಿತರಿಸಿದಾಗ ಕರ್ನಾಟಕದ ಎರಡು ಗ್ರಾಮಗಳೂ ಆ ಪಟ್ಟಿಯಲ್ಲಿದ್ದವು.

ಡ್ರೋನ್ ಮೇಲೇರಿ ಗುಂಯ್‌ಗುಟ್ಟುತ್ತ ಹಾರುವುದನ್ನು ನೋಡಲು ಊರಿನ ಮಕ್ಕಳೆಲ್ಲ ನೆರೆಯುತ್ತಾರೆ. ಆದರೆ ನಕ್ಷೆ ನಿಜವಾಗುವುದೋ ಸುಳ್ಳಾಗುವುದೋ ಎಂಬುದು ಆ ಹಾರಾಟಕ್ಕೆ ಮುಂಚೆಯೇ ನಿಶ್ಚಯವಾಗಿಬಿಟ್ಟಿರುತ್ತದೆ. ಎಷ್ಟು ಎತ್ತರದಲ್ಲಿ ಹಾರಬೇಕು, ಒಂದು ಚಿತ್ರದ ಮೇಲೆ ಇನ್ನೊಂದು ಎಷ್ಟು ಭಾಗ ಬೀಳಬೇಕು, ನೆಲದ ಮೇಲೆ ಗುರುತುಗಳನ್ನು ಎಲ್ಲೆಲ್ಲಿ ಇಡಬೇಕು—ಈ ಮೂರು ಪ್ರಶ್ನೆಗಳಿಗೆ ಮೇಜಿನ ಮೇಲೆ ಕೊಡುವ ಉತ್ತರದಲ್ಲಿಯೇ ಆ ಒಂದೂವರೆ ಅಡಿ ಸಂದಿನ ಭವಿಷ್ಯ ಅಡಗಿದೆ.

ಎತ್ತರದ ಲೆಕ್ಕ

ಒಂದು ಸಾಧಾರಣ ಗ್ರಾಮಠಾಣವನ್ನು ಕಲ್ಪಿಸಿಕೊಳ್ಳಬಹುದು. ಉದ್ದ 600 ಮೀಟರು, ಅಗಲ 400 ಮೀಟರು. ನಡುವೆ ಒಂದು ರಾಜಬೀದಿ, ಅದರ ಎರಡೂ ಕಡೆ ಹೆಂಚಿನ ಮನೆಗಳು ಮತ್ತು ಹೊಸದಾಗಿ ಎದ್ದ ತಾರಸಿ ಮನೆಗಳು, ಉತ್ತರದ ಅಂಚಿಗೆ ದೇವಸ್ಥಾನವಿರುವ ಒಂದು ಸಣ್ಣ ಗುಡ್ಡ, ಅಲ್ಲಲ್ಲಿ ತೆಂಗು ಮತ್ತು ಹುಣಿಸೆಯ ಮರಗಳು. ಈ ಊರನ್ನು ಅಳೆಯಲು 20 ಮೆಗಾಪಿಕ್ಸೆಲ್ಲಿನ ಕ್ಯಾಮರಾ ಹೊತ್ತ ಡ್ರೋನೊಂದು ಬಂದಿದೆ.

ಕ್ಯಾಮರಾ ತೆಗೆಯುವ ಚಿತ್ರವು ಲಕ್ಷಾಂತರ ಚುಕ್ಕೆಗಳಿಂದ, ಅಂದರೆ ಪಿಕ್ಸೆಲ್‌ಗಳಿಂದ ಕೂಡಿದ ರಂಗೋಲಿಯಂತಿರುತ್ತದೆ. ಈ ಕ್ಯಾಮರಾದ ಚಿತ್ರದಲ್ಲಿ ಅಡ್ಡಸಾಲಿಗೆ 5472 ಚುಕ್ಕೆಗಳು. ಒಂದು ಚುಕ್ಕೆಯು ನೆಲದ ಮೇಲೆ ಎಷ್ಟು ಜಾಗವನ್ನು ಮುಚ್ಚುತ್ತದೆ ಎಂಬುದೇ ಮೋಜಣಿದಾರನ ಮೊದಲ ಪ್ರಶ್ನೆ. ಕ್ಯಾಮರಾದ ಸಂವೇದಕದ ಅಗಲ 13.2 ಮಿಲಿಮೀಟರು, ಮಸೂರದ ನಾಭಿದೂರ 8.8 ಮಿಲಿಮೀಟರು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಒಂದೂವರೆ. ಆದುದರಿಂದ ಡ್ರೋನ್ ಎಷ್ಟು ಎತ್ತರದಲ್ಲಿದೆಯೋ ಅದರ ಒಂದೂವರೆ ಪಟ್ಟು ಅಗಲದ ನೆಲ ಚಿತ್ರದಲ್ಲಿ ಕಾಣುತ್ತದೆ. 80 ಮೀಟರು ಎತ್ತರಕ್ಕೆ 120 ಮೀಟರು ಅಗಲ. ಆ 120 ಮೀಟರನ್ನು 5472 ಚುಕ್ಕೆಗಳಿಗೆ ಹಂಚಿದರೆ ಚುಕ್ಕೆಯೊಂದಕ್ಕೆ ಸುಮಾರು 2.2 ಸೆಂಟಿಮೀಟರು ದೊರೆಯುತ್ತದೆ.

ಈ ಅಳತೆ ಸಾಕೇ ಎಂಬುದನ್ನು ಊರಿನ ಸುಣ್ಣದ ಗೆರೆಗಳೇ ಹೇಳಬೇಕು. ಹಾರಾಟಕ್ಕೆ ಮುಂಚೆ ಕಂದಾಯದ ಸಿಬ್ಬಂದಿಯೂ ಪಂಚಾಯಿತಿಯವರೂ ಮನೆಯವರನ್ನು ಜೊತೆಗೂಡಿಸಿಕೊಂಡು, ಒಪ್ಪಿಗೆಯಾದ ಎಲ್ಲೆಯ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾರೆ. ಆ ಗೆರೆ ಮೇಲಿನ ಚಿತ್ರದಲ್ಲಿ ಸ್ಪಷ್ಟವಾಗಿ ಕಂಡರೆ ಮಾತ್ರ ನಕ್ಷೆಗೆ ಇಳಿಯುತ್ತದೆ. ಬೆರಳ ಸಂದಿನಿಂದ ಉದುರಿಸಿದ 5 ಸೆಂಟಿಮೀಟರು ಅಗಲದ ಗೆರೆ 80 ಮೀಟರು ಎತ್ತರದಿಂದ ಎರಡೇ ಚುಕ್ಕೆಗಳಷ್ಟಾಗುತ್ತದೆ. ಮಸುಕು ನೆಲದ ಮೇಲೆ ಅದು ಕಾಣಿಸಿದರೆ ಕಾಣಿಸಿತು, ಇಲ್ಲವಾದರೆ ಇಲ್ಲ. ಅದನ್ನೇ ಅಂಗೈಯಗಲ, 10 ಸೆಂಟಿಮೀಟರು ದಪ್ಪಗೆ ಎಳೆದರೆ ನಾಲ್ಕೈದು ಚುಕ್ಕೆಗಳಾಗಿ ಎದ್ದು ತೋರುತ್ತದೆ. ಡ್ರೋನನ್ನು ಕೆಳಗಿಳಿಸುವುದಕ್ಕಿಂತ ಇನ್ನೊಂದು ಬುಟ್ಟಿ ಸುಣ್ಣ ತರಿಸುವುದು ಅಗ್ಗದ ಉಪಾಯ.

ಇನ್ನಷ್ಟು ಕೆಳಗೆ, 40 ಮೀಟರಿನಲ್ಲಿ ಹಾರಿದರೆ ಚುಕ್ಕೆ 1.1 ಸೆಂಟಿಮೀಟರಿಗೆ ಇಳಿಯುವುದು ನಿಜ. ಆದರೆ ಪ್ರತಿಯೊಂದು ಚಿತ್ರವೂ ಕಾಲುಭಾಗ ನೆಲವನ್ನಷ್ಟೇ ನೋಡುವುದರಿಂದ ಚಿತ್ರಗಳ ಸಂಖ್ಯೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಅರ್ಧ ಗಂಟೆಯ ಕೆಲಸ ಒಂದು ಗಂಟೆಯಾದರೂ ಹಿಡಿಯುತ್ತದೆ. ಅಷ್ಟರಲ್ಲಿ ಬಿಸಿಲು ಸರಿದು, ಮೊದಲ ಸಾಲಿನ ನೆರಳಿಗೂ ಕೊನೆಯ ಸಾಲಿನ ನೆರಳಿಗೂ ಹೊಂದಾಣಿಕೆ ತಪ್ಪುತ್ತದೆ. ಮೇಲಿನ ಮಿತಿಯೂ ಒಂದಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ, ‘ಡಿಜಿಟಲ್ ಸ್ಕೈ’ ತಾಣದ ನಕಾಶೆಯಲ್ಲಿ ಹಸಿರು ವಲಯವೆಂದು ಗುರುತಿಸಿದ ಕಡೆಗಳಲ್ಲಿ ಮುನ್ನೊಪ್ಪಿಗೆಯಿಲ್ಲದೆ ಹಾರಬಹುದಾದ ಗರಿಷ್ಠ ಎತ್ತರ 400 ಅಡಿ, ಅಂದರೆ 120 ಮೀಟರು. ವಿಮಾನ ನಿಲ್ದಾಣದ ಸಮೀಪದಲ್ಲಿ ಇದಕ್ಕಿಂತಲೂ ಕಡಮೆ. ಆದುದರಿಂದ ಎತ್ತರವನ್ನು ಗೊತ್ತುಮಾಡುವ ಮುನ್ನ ಆ ನಕಾಶೆಯನ್ನು ಒಮ್ಮೆ ನೋಡಿಯೇ ತೀರಬೇಕು. ಈ ಊರಿಗೆ 80 ಮೀಟರೇ ಇರಲಿ.

ಹೆಂಚಿನ ಮೇಲೆ ಹೆಂಚು

ಮಂಗಳೂರು ಹೆಂಚನ್ನು ಹೊದಿಸುವವನು ಒಂದರ ಅಂಚಿಗೆ ಇನ್ನೊಂದರ ಅಂಚನ್ನು ಮುಟ್ಟಿಸಿ ನಿಲ್ಲಿಸುವುದಿಲ್ಲ. ಒಂದರ ಮೇಲೆ ಇನ್ನೊಂದು ಸ್ವಲ್ಪ ಬರುವಂತೆ ಜೋಡಿಸುತ್ತಾನೆ. ಇಲ್ಲವಾದರೆ ಮೊದಲ ಮಳೆಗೇ ಮನೆ ಸೋರುತ್ತದೆ. ಡ್ರೋನಿನ ಚಿತ್ರಗಳೂ ಹಾಗೆಯೇ ಒಂದರ ಮೇಲೊಂದು ಬೀಳಬೇಕು. ಓವರ್‌ಲ್ಯಾಪ್ ಎಂದು ಕರೆಯುವ ಈ ಮೇಲ್ಹೊದಿಕೆಯು ಹೆಂಚಿನದಕ್ಕಿಂತ ಬಹಳ ಹೆಚ್ಚು. ಕಾರಣವೂ ಬೇರೆ.

ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಯತ್ನಿಸಿದವರಿಗೆ ದೂರವನ್ನು ಅಳೆಯಲು ಎರಡು ಕಣ್ಣುಗಳು ಏಕೆ ಬೇಕೆಂಬುದು ತಿಳಿದಿರುತ್ತದೆ. ಒಂದೇ ಚಿತ್ರದಲ್ಲಿ ಎಲ್ಲವೂ ಚಪ್ಪಟೆ. ಮನೆಯ ಮಾಡು ನೆಲಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ತಿಳಿಯಬೇಕಾದರೆ ಅದೇ ಮಾಡಿನ ಮೂಲೆಯನ್ನು ಬೇರೆ ಬೇರೆ ಸ್ಥಾನಗಳಿಂದ ನೋಡಿರಬೇಕು. ಕಂಪ್ಯೂಟರು ಈ ಚಿತ್ರಗಳಲ್ಲಿ ಸಮಾನವಾಗಿ ಕಾಣುವ ಸಹಸ್ರಾರು ಬಿಂದುಗಳನ್ನು ಹುಡುಕಿ, ಪ್ರತಿ ಚಿತ್ರವನ್ನು ತೆಗೆದ ಕ್ಷಣದಲ್ಲಿ ಕ್ಯಾಮರಾ ಎಲ್ಲಿತ್ತು, ಯಾವ ಕಡೆಗೆ ವಾಲಿತ್ತು ಎಂಬುದನ್ನು ಮೊದಲು ಲೆಕ್ಕ ಹಾಕುತ್ತದೆ. ಅನಂತರ ನೆಲದ ಆಕಾರವನ್ನು ಕಟ್ಟಿ, ಚಿತ್ರಗಳ ಓರೆಕೋರೆಗಳನ್ನು ತಿದ್ದಿ, ಎಲ್ಲವನ್ನೂ ನೇರ ಮೇಲಿನಿಂದ ನೋಡಿದಂಥ ಒಂದೇ ಚಿತ್ರವನ್ನಾಗಿ ಹೊಲಿಯುತ್ತದೆ.

ಫಿಲ್ಮಿನ ಕಾಲದಲ್ಲಿ ವಿಮಾನದಿಂದ ಚಿತ್ರ ತೆಗೆಯುವಾಗ ಸಾಲಿನ ಉದ್ದಕ್ಕೆ ಶೇಕಡ 60, ಸಾಲಿನಿಂದ ಸಾಲಿಗೆ ಶೇಕಡ 30ರಷ್ಟು ಮೇಲ್ಹೊದಿಕೆ ಸಾಕೆನ್ನುತ್ತಿದ್ದರು. ಬಿಂದುಗಳನ್ನು ಹುಡುಕುತ್ತಿದ್ದುದು ಪಳಗಿದ ಮನುಷ್ಯನ ಕಣ್ಣು. ಕ್ಯಾಮರಾವೂ ಭಾರವಾದುದು, ಸ್ಥಿರವಾದುದು. ಗಾಳಿಗೆ ತೊನೆಯುವ ಡ್ರೋನಿಗೆ, ಕಣ್ಣಿಲ್ಲದ ಕಂಪ್ಯೂಟರಿಗೆ ಅಷ್ಟು ಸಾಲದು. ಗ್ರಾಮಠಾಣದಂಥ ಕಡೆಗೆ ಸಾಲಿನ ಉದ್ದಕ್ಕೆ ಶೇಕಡ 80, ಪಕ್ಕಕ್ಕೆ ಶೇಕಡ 70 ಎಂದು ಇಟ್ಟುಕೊಳ್ಳುವುದು ವಾಡಿಕೆ.

80 ಮೀಟರು ಎತ್ತರದಲ್ಲಿ ಈ ಕ್ಯಾಮರಾ ಹಾರುವ ದಿಕ್ಕಿಗೆ 80 ಮೀಟರು, ಅಡ್ಡಕ್ಕೆ 120 ಮೀಟರು ನೆಲವನ್ನು ನೋಡುತ್ತದೆ. ಶೇಕಡ 80 ಹಳೆಯದೇ ಇರಬೇಕಾದರೆ ಪ್ರತಿ ಚಿತ್ರಕ್ಕೆ ಹೊಸದಾಗಿ ಸೇರಬೇಕಾದುದು ಶೇಕಡ 20; ಅಂದರೆ 16 ಮೀಟರಿಗೊಂದು ಚಿತ್ರ. ಪಕ್ಕಕ್ಕೆ ಹೊಸದು ಶೇಕಡ 30. ಅಂದರೆ ಸಾಲಿನಿಂದ ಸಾಲಿಗೆ 36 ಮೀಟರು. ಹೀಗೆ ಹಾರಿದರೆ ನೆಲದ ಪ್ರತಿಯೊಂದು ಬಿಂದುವನ್ನೂ ಒಂದು ಸಾಲಿನಲ್ಲಿ ಐದು ಚಿತ್ರಗಳು ನೋಡುತ್ತವೆ, ಮತ್ತು ಮೂರು ಸಾಲುಗಳಾದರೂ ಅದರ ಮೇಲೆ ಹಾದುಹೋಗುತ್ತವೆ. ಒಟ್ಟಿನಲ್ಲಿ ಹದಿನೈದಕ್ಕೆ ಕಡಮೆಯಿಲ್ಲದ ಕಣ್ಣುಗಳು. ಹಳೆಯ 60-30ರ ಲೆಕ್ಕದಲ್ಲಿ ಮೂರೋ ನಾಲ್ಕೋ ಕಣ್ಣುಗಳಷ್ಟೇ ಇರುತ್ತಿದ್ದವು. ಇಕ್ಕಟ್ಟಾದ ಸಂದಿನ ತಳವನ್ನು ಎತ್ತರದ ಎರಡು ಗೋಡೆಗಳು ಮರೆಮಾಡಿರುವಾಗ, ಹದಿನೈದರಲ್ಲಿ ಒಂದೆರಡಾದರೂ ನೇರವಾಗಿ ಒಳಗೆ ಇಣುಕಿ ನೋಡುತ್ತವೆ ಎಂಬುದೇ ಈ ಧಾರಾಳದ ಪ್ರಯೋಜನ.

ಅಂಚಿನಲ್ಲಿರುವ ಮನೆಗಳಿಗೂ ಇಷ್ಟೇ ಕಣ್ಣುಗಳು ದೊರೆಯಬೇಕಾದರೆ ಹಾರಾಟವು ಗ್ರಾಮಠಾಣದ ಗೆರೆಯಲ್ಲೇ ನಿಲ್ಲಬಾರದು. ಸುತ್ತಲೂ 40 ಮೀಟರು ಹೊರಕ್ಕೆ ಚಾಚಿದರೆ ಅಳತೆ 680ಕ್ಕೆ 480 ಮೀಟರು ಆಗುತ್ತದೆ. ಉದ್ದಕ್ಕೆ ಹಾರುವ ಸಾಲುಗಳು 15, ಪ್ರತಿ ಸಾಲಿನಲ್ಲಿ 44 ಚಿತ್ರಗಳು, ಒಟ್ಟು 660. ತಿರುವುಗಳೂ ಸೇರಿ ಹಾರಬೇಕಾದ ದೂರ ಸುಮಾರು 10.7 ಕಿಲೋಮೀಟರು. ಸೆಕೆಂಡಿಗೆ 6 ಮೀಟರು ವೇಗದಲ್ಲಿ ಹೋದರೆ ಅರ್ಧ ಗಂಟೆ. ಒಂದು ಬ್ಯಾಟರಿಯ ಭರವಸೆ ಇಪ್ಪತ್ತು ನಿಮಿಷವಾದರೆ ಎರಡು ಬ್ಯಾಟರಿ ಬೇಕು, ಎಂಟನೆಯ ಸಾಲಿನ ಆಸುಪಾಸಿನಲ್ಲಿ ಒಮ್ಮೆ ಇಳಿಯಬೇಕು.

ವೇಗಕ್ಕೂ ಒಂದು ಲೆಕ್ಕವಿದೆ. ಕ್ಯಾಮರಾದ ಕಣ್ಣು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ತೆರೆದು ಮುಚ್ಚಿದರೆ, ಅಷ್ಟರಲ್ಲಿ ಡ್ರೋನ್ 6 ಮಿಲಿಮೀಟರು ಸರಿದಿರುತ್ತದೆ. ಅದು ಒಂದು ಚುಕ್ಕೆಯ ಮೂರನೆಯ ಒಂದು ಭಾಗಕ್ಕಿಂತ ಕಡಮೆಯಾದುದರಿಂದ ಚಿತ್ರ ಕದಡುವುದಿಲ್ಲ. ಮೋಡ ಕವಿದು ಬೆಳಕು ಕುಗ್ಗಿ, ಕಣ್ಣು ನೂರನೆಯ ಒಂದು ಭಾಗದಷ್ಟು ಹೊತ್ತು ತೆರೆದಿರಬೇಕಾಯಿತೆಂದರೆ 6 ಸೆಂಟಿಮೀಟರು ಸರಿಯುತ್ತದೆ. ಆಗ ಸುಣ್ಣದ ಗೆರೆ ಹಾಲು ಚೆಲ್ಲಿದಂತೆ ಹರಡಿ ಕಾಣುತ್ತದೆ.

ಗುಡ್ಡ ಮಾಡುವ ಮೋಸ

ಈ ಲೆಕ್ಕವೆಲ್ಲ ನೆಲ ಸಮತಟ್ಟಾಗಿದ್ದರೆ ಸರಿ. ಆದರೆ ಊರಿನ ಉತ್ತರಕ್ಕೆ ಗುಡ್ಡವಿದೆ. ಸಾಧಾರಣ ಡ್ರೋನಿಗೆ 80 ಮೀಟರೆಂದರೆ ತಾನು ಮೇಲೆದ್ದ ಜಾಗದಿಂದ 80 ಮೀಟರು. ಕಾಲಕೆಳಗಿನ ನೆಲ ಏರಿದರೂ ಇಳಿದರೂ ಅದಕ್ಕೆ ತಿಳಿಯದು. ಊರಿನ ಶಾಲೆಯ ಬಯಲಿನಿಂದ ಹೊರಟು 30 ಮೀಟರು ಎತ್ತರದ ಗುಡ್ಡದ ಮೇಲೆ ಬಂದಾಗ ದೇವಸ್ಥಾನದ ಅಂಗಳಕ್ಕೂ ಡ್ರೋನಿಗೂ ನಡುವೆ ಉಳಿಯುವುದು 50 ಮೀಟರು ಮಾತ್ರ. ಆಗ ಚಿತ್ರದಲ್ಲಿ ಕಾಣುವ ನೆಲ 75ಕ್ಕೆ 50 ಮೀಟರು. ಆದರೆ ಚಿತ್ರದಿಂದ ಚಿತ್ರಕ್ಕೆ 16 ಮೀಟರು, ಸಾಲಿನಿಂದ ಸಾಲಿಗೆ 36 ಮೀಟರು ಎಂಬುದು ಹಾಗೆಯೇ ಉಳಿದಿದೆ. ಲೆಕ್ಕ ಹಾಕಿದರೆ ಉದ್ದದ ಮೇಲ್ಹೊದಿಕೆ 80ರಿಂದ 68ಕ್ಕೂ, ಪಕ್ಕದ್ದು 70ರಿಂದ 52ಕ್ಕೂ ಕುಸಿದಿರುತ್ತದೆ. ಆರಂಭದಲ್ಲಿಯೇ ಜಿಪುಣತನದಿಂದ ಪಕ್ಕಕ್ಕೆ ಶೇಕಡ 60 ಎಂದು ಇಟ್ಟಿದ್ದವರಿಗೆ ಗುಡ್ಡದ ಮೇಲೆ ಉಳಿಯುವುದು 36. ಹದಿನೈದು ಮೀಟರಿನ ತೆಂಗಿನ ಮರದ ತಲೆಗೂ, ಎರಡು ಅಂತಸ್ತಿನ ತಾರಸಿಗೂ ಇದೇ ನ್ಯಾಯ, ಪ್ರಮಾಣ ಮಾತ್ರ ಕಡಮೆ.

ಇದಕ್ಕೆ ಬೆದರಿ ಗುಡ್ಡದ ಮೇಲಿನಿಂದಲೇ ಡ್ರೋನನ್ನು ಎಬ್ಬಿಸಿದರೆ ಇನ್ನೊಂದು ಕಷ್ಟ. 80 ಮೀಟರೆಂದು ಹೇಳಿ ಎಬ್ಬಿಸಿದ ಡ್ರೋನ್ ಊರಿನ ಮೇಲೆ ಬಂದಾಗ 110 ಮೀಟರು ಎತ್ತರದಲ್ಲಿರುತ್ತದೆ. ಚುಕ್ಕೆ 3 ಸೆಂಟಿಮೀಟರಿಗೆ ಬೆಳೆದಿರುತ್ತದೆ. ತೆಳ್ಳನೆಯ ಸುಣ್ಣದ ಗೆರೆ ಮಾಯವಾಗಿರುತ್ತದೆ. ಸರಿಯಾದ ಉಪಾಯಗಳು ಎರಡು. ನೆಲದ ಏರಿಳಿತದ ಮಾಹಿತಿಯನ್ನು ಮೊದಲೇ ಕೊಟ್ಟು, ಡ್ರೋನ್ ಅದಕ್ಕೆ ತಕ್ಕಂತೆ ಏರಿ ಇಳಿಯುವ ಹಾಗೆ ಮಾಡುವುದು ಒಂದು. ಗುಡ್ಡವನ್ನೂ ಊರನ್ನೂ ಎರಡು ಪ್ರತ್ಯೇಕ ಹಾರಾಟಗಳನ್ನಾಗಿ ಮಾಡಿ, ನಡುವೆ ಒಂದೆರಡು ಸಾಲುಗಳಷ್ಟು ನೆಲ ಎರಡರಲ್ಲಿಯೂ ಬರುವಂತೆ ನೋಡಿಕೊಳ್ಳುವುದು ಇನ್ನೊಂದು.

ಮೇಲ್ಹೊದಿಕೆ ಸಾಲದೆ ಹೋದುದನ್ನು ಸಿದ್ಧವಾದ ಚಿತ್ರವೇ ಹೇಳುತ್ತದೆ. ಮರದ ತಲೆ ಇರಬೇಕಾದ ಕಡೆ ತೂತುಗಳು ಬಿದ್ದಿರುತ್ತವೆ. ಮಾಡಿನ ಅಂಚು ಬಿಸಿಲಿಗೆ ಕರಗಿದ ಬೆಲ್ಲದಂತೆ ಸೊಟ್ಟಗಾಗಿರುತ್ತದೆ. ಒಂದೇ ಗೋಡೆ ಎರಡಾಗಿ ಕಾಣುತ್ತದೆ. ಕೆರೆಯ ನೀರು, ಗಾಳಿಗೆ ಅಲ್ಲಾಡುವ ತೆಂಗಿನ ಗರಿ, ಥಳಥಳಿಸುವ ಹೊಸ ತಗಡು—ಇವುಗಳ ಮೇಲೆ ಎಷ್ಟೇ ಮೇಲ್ಹೊದಿಕೆ ಇದ್ದರೂ ಹೀಗಾಗುವುದುಂಟು. ಆದರೆ ಗಟ್ಟಿ ಗೋಡೆಯೊಂದು ಎರಡಾಗಿ ಕಂಡಿತೆಂದರೆ ಅಲ್ಲಿಗೆ ಮತ್ತೊಮ್ಮೆ ಹಾರುವುದೇ ಲೇಸು.

ನೆಲದ ಮೇಲಿನ ಸಾಕ್ಷಿಗಳು

ಇಷ್ಟಾದರೂ ಚಿತ್ರವು ನಕ್ಷೆಯಾಗಿಲ್ಲ. ಅದಕ್ಕೆ ಆಕಾರವಿದೆ, ನೆಲೆಯಿಲ್ಲ. ಡ್ರೋನಿನೊಳಗಿನ ಸಾಧಾರಣ ಉಪಗ್ರಹ ಗ್ರಾಹಕಕ್ಕೆ ತಾನು ಎಲ್ಲಿದ್ದೇನೆಂಬುದು ಕೆಲವು ಮೀಟರುಗಳ ಅಂದಾಜಿನಲ್ಲಿ ಮಾತ್ರ ತಿಳಿದಿರುತ್ತದೆ. ಅದನ್ನೇ ನಂಬಿ ಮಾಡಿದ ನಕ್ಷೆಯಲ್ಲಿ ಊರಿಗೆ ಊರೇ ಮೂರು ಮೀಟರು ಪೂರ್ವಕ್ಕೆ ಸರಿದು, ಗ್ರಾಮಠಾಣದ ಅಂಚಿನ ಮನೆ ಪಕ್ಕದ ಸರ್ವೆ ನಂಬರಿನ ಹೊಲದಲ್ಲಿ ನಿಂತಿರಬಹುದು.

ಅದಕ್ಕಾಗಿಯೇ ನೆಲದ ಮೇಲೆ ಕೆಲವು ಬಿಂದುಗಳನ್ನು ಆರಿಸಿ, ಅವುಗಳ ನೆಲೆಯನ್ನು ಬಹು ನಿಖರವಾಗಿ ಅಳೆದು, ಅವು ಚಿತ್ರಗಳಲ್ಲಿ ಕಾಣುವಂತೆ ಗುರುತು ಹಾಕುತ್ತಾರೆ. ಇವೇ ಭೂನಿಯಂತ್ರಣ ಬಿಂದುಗಳು. ತತ್ತ್ವ ಹೊಸದಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಉಕ್ಕಿನ ಸರಪಣಿಯಿಂದ ಒಂದು ಆಧಾರರೇಖೆಯನ್ನು ಅಳೆದುದು ಇದೇ ತತ್ತ್ವದ ಮೇಲೆ. 1802ರಲ್ಲಿ ಮದರಾಸಿನಲ್ಲಿ ಆರಂಭವಾದ ಮಹಾ ತ್ರಿಕೋನಮಿತಿ ಮೋಜಣಿಯೂ ಹಾಗೆಯೇ. ಮೊದಲು ಕೆಲವೇ ಬಿಂದುಗಳನ್ನು ಅತ್ಯಂತ ಎಚ್ಚರಿಕೆಯಿಂದ ನಿಲ್ಲಿಸು, ಉಳಿದ ವಿವರಗಳನ್ನೆಲ್ಲ ಅವುಗಳಿಗೆ ಕಟ್ಟಿಹಾಕು ಎಂಬುದು ಆ ಕಾಲದ ಮೋಜಣಿದಾರನ ಸೂತ್ರ. ಇಂದು ಸರಪಣಿಯ ಬದಲು ಉಪಗ್ರಹ ಗ್ರಾಹಕವನ್ನು ಹೊತ್ತ ಕೋಲು ಬಂದಿದೆ. ಎಡೆಬಿಡದೆ ಕೆಲಸ ಮಾಡುವ ಸರ್ವೇಕ್ಷಣಾ ಇಲಾಖೆಯ ‘ಕಾರ್ಸ್’ ನೆಲೆಗಳಿಂದ ತಿದ್ದುಪಡಿಗಳನ್ನು ಪಡೆದು ಆ ಕೋಲು ಒಂದೆರಡು ಸೆಂಟಿಮೀಟರಿನೊಳಗೆ ತನ್ನ ನೆಲೆಯನ್ನು ಹೇಳಬಲ್ಲದು.

ಗುರುತು ಹೇಗಿರಬೇಕು? 60 ಸೆಂಟಿಮೀಟರು ಚೌಕದ ಹಲಗೆಯನ್ನು ನಾಲ್ಕು ಮನೆಗಳಾಗಿ ಭಾಗಿಸಿ, ಚದುರಂಗದ ಮಣೆಯಂತೆ ಕಪ್ಪು ಬಿಳುಪು ಬಳಿದರೆ, ನಾಲ್ಕೂ ಮನೆ ಕೂಡುವ ನಡುಬಿಂದು ಚಿತ್ರದಲ್ಲಿ ಖಚಿತವಾಗಿ ಸಿಗುತ್ತದೆ. 80 ಮೀಟರಿನಿಂದ ಹಲಗೆ ಸುಮಾರು 27 ಚುಕ್ಕೆಗಳಷ್ಟು ಅಗಲವಾಗಿ ಕಾಣುತ್ತದೆ. ಅದನ್ನು ಸಮತಟ್ಟಾದ ತೆರೆದ ನೆಲದ ಮೇಲೆ ಇಡಬೇಕು; ಮರದ ಕೆಳಗೆ, ಗೋಡೆಯ ನೆರಳಿಗೆ, ದನಕರುಗಳ ಹಾದಿಗೆ ಇಡಬಾರದು. ಅಳೆದ ಮೇಲೆ ಹುಡುಗರು ಎತ್ತಿಕೊಂಡು ಹೋಗಿ ಮತ್ತೆ ತಂದಿಟ್ಟ ಹಲಗೆಗಿಂತ ಹಲಗೆಯೇ ಇಲ್ಲದಿರುವುದು ಮೇಲು. ಆದುದರಿಂದ ಗಟ್ಟಿ ನೆಲದ ಮೇಲೆ ಬಣ್ಣದಿಂದಲೇ ಬರೆಯುವುದುಂಟು.

ಎಲ್ಲಿಡಬೇಕೆಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಬೀದಿಯಲ್ಲಿ ನಡೆದಾಡಲು ಅನುಕೂಲವೆಂದು ಐದು ಗುರುತುಗಳನ್ನೂ ರಾಜಬೀದಿಯ ಉದ್ದಕ್ಕೆ ಒಂದೇ ಗೆರೆಯಲ್ಲಿ ಇಟ್ಟುಬಿಟ್ಟರೆ, ಆ ಗೆರೆಯ ಮೇಲೆ ಎಲ್ಲವೂ ಸರಿಯಾಗಿರುತ್ತದೆ. ಆದರೆ ಬಾಗಿಲು ತಿರುಗಣೆಯ ಸುತ್ತ ತಿರುಗುವಂತೆ ಊರಿನ ಎರಡೂ ಪಕ್ಕಗಳು ಮೇಲಕ್ಕೋ ಕೆಳಕ್ಕೋ ವಾಲಲು ಸ್ವತಂತ್ರವಾಗಿರುತ್ತವೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಇಟ್ಟರೆ ಈ ವಾಲಾಟ ನಿಲ್ಲುತ್ತದೆ. ಆದರೂ ಒಂದು ದೋಷ ಉಳಿಯುತ್ತದೆ. ನೇರ ಕೆಳಕ್ಕೆ ನೋಡುತ್ತ ಸಮಾಂತರ ಸಾಲುಗಳಲ್ಲಿ ತೆಗೆದ ಚಿತ್ರಗಳಿಂದ ಮಸೂರದ ವಕ್ರತೆಯನ್ನು ಕಂಪ್ಯೂಟರು ಅಲ್ಪಸ್ವಲ್ಪ ತಪ್ಪಾಗಿ ಊಹಿಸಬಹುದು. ಆಗ ಚಪ್ಪಟೆಯಾದ ಊರು ತಟ್ಟೆಯಂತೆ ತಗ್ಗಿಯೋ, ಮಗುಚಿದ ಬಾಣಲೆಯಂತೆ ಉಬ್ಬಿಯೋ ಬರುತ್ತದೆ. ಮೂಲೆಗಳು ಮೊಳೆ ಹೊಡೆದಂತೆ ಭದ್ರವಾಗಿರುತ್ತವೆ. ತಪ್ಪೆಲ್ಲ ನಡುಮಧ್ಯದಲ್ಲಿ ಅಡಗಿರುತ್ತದೆ. ಐದನೆಯ ಗುರುತನ್ನು ಊರಿನ ನಡುವೆ ಇಡುವುದು ಇದಕ್ಕೇ. ಕ್ಯಾಮರಾವನ್ನು ಸ್ವಲ್ಪ ಓರೆ ಮಾಡಿ ಒಂದೆರಡು ಸಾಲು ಹೆಚ್ಚಾಗಿ ಹಾರುವುದೂ ಈ ದೋಷವನ್ನು ತಗ್ಗಿಸುತ್ತದೆ. ಎತ್ತರದಲ್ಲಿ ಭೇದವಿರುವ ಊರಾದರೆ ಗುಡ್ಡದ ಮೇಲೆಯೂ ಒಂದು ಗುರುತು ಇರಬೇಕು.

ಪರೀಕ್ಷೆಗೆ ಪರೀಕ್ಷೆ

ಗುರುತುಗಳಿಗೆ ಕಟ್ಟಿಹಾಕಿದ ಮೇಲೆ, ಅದೇ ಗುರುತುಗಳಲ್ಲಿ ನಕ್ಷೆ ಸರಿಯಾಗಿದೆ ಎಂದು ತೋರಿಸುವುದು ದೊಡ್ಡ ಸಂಗತಿಯಲ್ಲ. ತನ್ನ ಉತ್ತರ ಪತ್ರಿಕೆಗೆ ತಾನೇ ಅಂಕ ಕೊಟ್ಟುಕೊಂಡಂತೆ ಅದು. ನಿಜವಾದ ಪರೀಕ್ಷೆಗೆ ಇನ್ನೂ ಕೆಲವು ಬಿಂದುಗಳನ್ನು ಅಷ್ಟೇ ನಿಖರವಾಗಿ ಅಳೆದು, ಅವನ್ನು ಕಂಪ್ಯೂಟರಿನ ಲೆಕ್ಕಕ್ಕೆ ಸೇರಿಸದೆ ಮುಚ್ಚಿಟ್ಟುಕೊಳ್ಳಬೇಕು. ನಕ್ಷೆ ಸಿದ್ಧವಾದ ಮೇಲೆ ಅವನ್ನು ಹೊರತೆಗೆದು ಹೋಲಿಸಬೇಕು.

ಈ ಊರಿನಲ್ಲಿ ನಾಲ್ಕು ಮೂಲೆಗಳ ಗುರುತುಗಳಿಂದಷ್ಟೇ ನಕ್ಷೆ ಮಾಡಿದರೆಂದೂ, ಪರೀಕ್ಷೆಗೆಂದು ನಾಲ್ಕು ಬಿಂದುಗಳನ್ನು ಇಟ್ಟುಕೊಂಡಿದ್ದರೆಂದೂ ಭಾವಿಸಬಹುದು. ಎತ್ತರದಲ್ಲಿ ಬಂದ ವ್ಯತ್ಯಾಸಗಳು 2, 3, 2 ಮತ್ತು 14 ಸೆಂಟಿಮೀಟರು. ಪ್ರತಿಯೊಂದನ್ನೂ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡುಹಿಡಿಯುವುದು ಪದ್ಧತಿ. ಹಾಗೆ ಮಾಡಿದರೆ 7.3 ಸೆಂಟಿಮೀಟರು ಬರುತ್ತದೆ. ಈ ಒಂದು ಅಂಕಿಯನ್ನು ವರದಿಯಲ್ಲಿ ಬರೆದು ಮುಗಿಸಿಬಿಡುವವರು ಬಹಳ. ಆದರೆ ಊರಿನಲ್ಲಿ ಎಲ್ಲಿಯೂ 7 ಸೆಂಟಿಮೀಟರಿನ ತಪ್ಪಿಲ್ಲ! ಮೂರು ಕಡೆ ಕೆಲಸ ಚೊಕ್ಕಟವಾಗಿದೆ, ಒಂದು ಕಡೆ ಕೆಟ್ಟಿದೆ. 14 ಸೆಂಟಿಮೀಟರಿನ ಬಿಂದು ಎಲ್ಲಿದೆ ಎಂದು ನೋಡಿದರೆ ಅದು ರಾಜಬೀದಿಯ ನಡುವೆ, ಮೂಲೆಗಳಿಂದೆಲ್ಲ ದೂರದಲ್ಲಿದೆ. ತಟ್ಟೆಯ ದೋಷ ಸಿಕ್ಕಿತು. ಮದ್ದು ಸುಲಭ: ಆ ಬಿಂದುವನ್ನು ನಿಯಂತ್ರಣಕ್ಕೆ ಸೇರಿಸಿ ಲೆಕ್ಕವನ್ನು ಮತ್ತೆ ನಡೆಸಬೇಕು. ಅದು ಪರೀಕ್ಷಕನ ಸ್ಥಾನವನ್ನು ಬಿಟ್ಟುಕೊಟ್ಟುದರಿಂದ, ನೀರಿನ ತೊಟ್ಟಿಯ ಸಿಮೆಂಟು ಕಟ್ಟೆಯ ಮೂಲೆಯಂಥ, ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಬೇರೊಂದು ಬಿಂದುವನ್ನು ಊರಿನ ನಡುವೆಯೇ ಅಳೆದು ಆ ಸ್ಥಾನದಲ್ಲಿ ನಿಲ್ಲಿಸಬೇಕು.

ಈ ಪರೀಕ್ಷೆಯೂ ಹಿಡಿಯಲಾರದ ತಪ್ಪುಗಳಿವೆ. ಕೋಲಿನ ಉದ್ದ 2 ಮೀಟರು ಇದ್ದು, ಯಂತ್ರಕ್ಕೆ 1.80 ಎಂದು ಕೊಟ್ಟಿದ್ದರೆ, ನಿಯಂತ್ರಣ ಬಿಂದುಗಳಲ್ಲಿಯೂ ಪರೀಕ್ಷಾ ಬಿಂದುಗಳಲ್ಲಿಯೂ ಅದೇ 20 ಸೆಂಟಿಮೀಟರು ತಪ್ಪಿರುತ್ತದೆ, ಎರಡೂ ಪರಸ್ಪರ ಒಪ್ಪುತ್ತವೆ, ನಕ್ಷೆ ಪಾಸಾಗುತ್ತದೆ. ಇನ್ನೊಂದು ಇದಕ್ಕಿಂತ ಸೋಜಿಗದ್ದು. ಉಪಗ್ರಹ ಹೇಳುವ ಎತ್ತರ ಸಮುದ್ರಮಟ್ಟದಿಂದ ಅಳೆದುದಲ್ಲ. ಗಣಿತಕ್ಕೆ ಅನುಕೂಲವಾದ ಒಂದು ನಯವಾದ ಕಾಲ್ಪನಿಕ ಗೋಳದಿಂದ ಅಳೆದುದು. ಭೂಮಿಯ ಗುರುತ್ವಾಕರ್ಷಣೆ ಎಲ್ಲೆಡೆ ಒಂದೇ ಸಮವಾಗಿಲ್ಲದ ಕಾರಣ ನಿಜವಾದ ಸಮುದ್ರಮಟ್ಟವು ದಕ್ಷಿಣ ಭಾರತದ ಸುತ್ತ ಆ ಗೋಳಕ್ಕಿಂತ ಬಹಳ ತಗ್ಗಿದೆ. ಬೆಂಗಳೂರಿನ ಬಳಿ ಈ ಅಂತರ ಸುಮಾರು 86 ಮೀಟರು. ಸಮುದ್ರಮಟ್ಟದಿಂದ 920 ಮೀಟರು ಎತ್ತರದಲ್ಲಿರುವ ಜಾಗವನ್ನು ಉಪಗ್ರಹ ಗ್ರಾಹಕವು 834 ಎಂದು ಹೇಳುವುದು ಇದರಿಂದಲೇ. ತಿದ್ದದೆ ಬಿಟ್ಟರೆ, ಚರಂಡಿಯ ಇಳಿಜಾರನ್ನು ನಿಶ್ಚಯಿಸಲು ಹಳೆಯ ನಕ್ಷೆಯನ್ನೂ ಹೊಸದನ್ನೂ ಪಕ್ಕದಲ್ಲಿಟ್ಟ ಎಂಜಿನಿಯರು ಕಕ್ಕಾಬಿಕ್ಕಿಯಾಗುತ್ತಾನೆ. ಈ ಎರಡು ತಪ್ಪುಗಳನ್ನೂ ಹಿಡಿಯುವ ಮಾರ್ಗ ಒಂದೇ: ಹೊರಡುವ ಮೊದಲು, ನೆಲೆಯೂ ಎತ್ತರವೂ ಬೇರೆಯವರಿಂದ ಮೊದಲೇ ನಿಶ್ಚಯವಾಗಿರುವ ಒಂದು ಕಲ್ಲಿನ ಮೇಲೆ ಅದೇ ಕೋಲನ್ನು ನಿಲ್ಲಿಸಿ, ಅಂಕಿಗಳು ಕೂಡುತ್ತವೆಯೇ ಎಂದು ನೋಡುವುದು.

ತನ್ನ ನೆಲೆಯನ್ನು ತಾನೇ ಸೆಂಟಿಮೀಟರಿನೊಳಗೆ ತಿಳಿಯುವ ಡ್ರೋನ್‌ಗಳೂ ಈಗ ಬಳಕೆಯಲ್ಲಿವೆ. ಅವು ನಿಯಂತ್ರಣ ಬಿಂದುಗಳ ಸಂಖ್ಯೆಯನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಪರೀಕ್ಷಾ ಬಿಂದುಗಳನ್ನು ಮಾತ್ರ ತಗ್ಗಿಸಲಾರವು.

ಸೂರಿನ ಕೆಳಗೆ

ಇನ್ನು ಆ ಒಂದೂವರೆ ಅಡಿಯ ಸಂದಿಗೆ ಬರಬೇಕು. ಒಂದೂವರೆ ಅಡಿ ಎಂದರೆ 45 ಸೆಂಟಿಮೀಟರು, 2.2 ಸೆಂಟಿಮೀಟರಿನ ಚುಕ್ಕೆಗಳಲ್ಲಿ ಸುಮಾರು ಇಪ್ಪತ್ತು. ಚೆನ್ನಾಗಿ ಯೋಜಿಸಿದ ಹಾರಾಟದಲ್ಲಿ ಅದನ್ನು ಅಳೆಯುವುದು ಕಷ್ಟವೇನಲ್ಲ—ತಾರಸಿಯ ಮನೆಗಳಾದರೆ. ಹೆಂಚಿನ ಮನೆಗಳಾದರೆ ಕಥೆ ಬೇರೆ. ಅವುಗಳ ಸೂರು ಗೋಡೆಯಿಂದ ಎರಡಡಿಯಾದರೂ ಹೊರಕ್ಕೆ ಚಾಚಿರುತ್ತದೆ. ಮೇಲಿನಿಂದ ನೋಡುವ ಕ್ಯಾಮರಾಕ್ಕೆ ಕಾಣುವುದು ಸೂರಿನ ಅಂಚು, ಗೋಡೆಯಲ್ಲ. ಎದುರುಬದುರಾದ ಎರಡು ಸೂರುಗಳು ಒಂದನ್ನೊಂದು ಮುಟ್ಟಿಕೊಂಡಿರುವ ಕಡೆ ಸಂದೇ ಕಾಣದು. ಅಲ್ಲಿ ಎಳೆದ ಸುಣ್ಣದ ಗೆರೆಯೂ ಮಾಡಿನ ಮರೆಗೆ ಹೋಗುತ್ತದೆ. ಎತ್ತರವನ್ನು ತಗ್ಗಿಸಿದರೂ, ಮೇಲ್ಹೊದಿಕೆಯನ್ನು ಹೆಚ್ಚಿಸಿದರೂ, ಊರ ತುಂಬ ಗುರುತುಗಳನ್ನು ಇಟ್ಟರೂ ಹೆಂಚಿನ ಒಳಗಿಂದ ನೋಡುವ ಶಕ್ತಿ ಕ್ಯಾಮರಾಕ್ಕೆ ಬರುವುದಿಲ್ಲ.

ಅನುಭವಿ ಮೋಜಣಿದಾರನು ಇಂಥ ಮನೆಗಳನ್ನು ಹಾರಾಟದ ಹಿಂದಿನ ದಿನವೇ ಗುರುತುಹಾಕಿಕೊಳ್ಳುತ್ತಾನೆ. ಚಿತ್ರದಿಂದ ಮೊದಲ ನಕ್ಷೆ ಸಿದ್ಧವಾದ ಮೇಲೆ ಅದನ್ನು ಹಿಡಿದು ಊರಿಗೆ ಮರಳಿ, ಸೂರಿನ ಅಂಚಿನಿಂದ ಗೋಡೆಯ ಬುಡಕ್ಕೆ ಎಷ್ಟು ಎಂಬುದನ್ನು ಟೇಪಿನಿಂದ ಅಳೆದು, ನಕ್ಷೆಯ ಗೆರೆಯನ್ನು ಅಷ್ಟು ಒಳಕ್ಕೆ ಸರಿಸುತ್ತಾನೆ. 660 ಚಿತ್ರಗಳು ಅರ್ಧ ಗಂಟೆಯಲ್ಲಿ ಮುಗಿದ ಊರಿನಲ್ಲಿ ಈ ಟೇಪಿನ ಕೆಲಸಕ್ಕೆ ಹೆಚ್ಚು ದಿನಗಳು ಹಿಡಿಯಬಹುದು. ಆಗ ಟೇಪಿನ ಒಂದು ತುದಿಯನ್ನು ಒಂದು ಮನೆಯವರೂ ಇನ್ನೊಂದು ತುದಿಯನ್ನು ನೆರೆಮನೆಯವರೂ ಹಿಡಿದುಕೊಳ್ಳುವಂತೆ ಮಾಡುವುದು ಜಾಣತನ. ಇಬ್ಬರೂ ತಮ್ಮ ಕಣ್ಣಾರೆ ಓದಿದ ಅಂಕಿಯನ್ನು ಆಮೇಲೆ ಅಲ್ಲಗಳೆಯುವುದು ಸುಲಭವಲ್ಲ.